ಟ್ರಿಪ್ ಇತ್ತೋ ಇಲ್ಲವೋ

ಫೋನಿನಲ್ಲಿ ಮೆತ್ತಗೆ ಮಾತಾಡುವವರನ್ನು ನಾನು ನಂಬುವುದಿಲ್ಲ. ಟ್ಯಾಕ್ಸಿ ಆ್ಯಪ್ ಕಂಪನಿಯ ಹುಡುಗಿ ಅವತ್ತು ಬೆಣ್ಣೆ ಹಚ್ಚಿದ ಹಾಗೆ ಮಾತು ಶುರು ಮಾಡಿದಾಗಲೇ ಏನೋ ಮಸಲತ್ತಿದೆ ಅನ್ನಿಸಿತು.

ನಮ್ಮ ಮನೆಯವರು ಸ್ವಂತ ಟ್ಯಾಕ್ಸಿಯಲ್ಲಿ ಬಳ್ಳಾರಿ ಕಂಟೋನ್ಮೆಂಟಿನಿಂದ ಒಬ್ಬ ಟೀಚರಮ್ಮನನ್ನು ಕೂರಿಸಿಕೊಂಡು ಕುರುಗೋಡಿಗೆ ಹೊರಟಿದ್ದರು. ಕೊಳಗಲ್ಲಿನ ಹತ್ತಿರ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಕಾರು ಬೇವಿನ ಮರಕ್ಕೆ ಗುದ್ದಿತು. ಟೀಚರಮ್ಮನಿಗೆ ಏನೂ ಆಗಲಿಲ್ಲ. ಇವರ ಬಲಗಾಲಿನ ಮೂಳೆ ಮುರಿದು, ಆಪರೇಷನ್ ಆಗಿ ರಾಡ್ ಹಾಕಬೇಕಾಯಿತು. ಆ್ಯಪಿನವರು ಡ್ರೈವರುಗಳಿಗೆ ಅಪಘಾತ ವಿಮೆ ಮಾಡಿಸಿದ್ದಾರಲ್ಲ, ಆಸ್ಪತ್ರೆ ಖರ್ಚು ಅದರಲ್ಲೇ ಆಗುತ್ತದೆಂದು ನಾನು ಧೈರ್ಯವಾಗಿದ್ದೆ.

"ಆ ಹೊತ್ತಿನಲ್ಲಿ ಟ್ರಿಪ್ ಇರಲಿಲ್ಲ ಮೇಡಂ," ಎಂದಳು ಹುಡುಗಿ. "ಬುಕಿಂಗ್ ಒಪ್ಪಿಕೊಂಡಾಗಿನಿಂದ ಪ್ಯಾಸೆಂಜರ್ ಇಳಿಯುವ ತನಕ ಮಾತ್ರ ನಮ್ಮ ವಿಮೆ. ಖಾಲಿ ಇದ್ದಾಗ ಬರುವುದಿಲ್ಲ."

"ಖಾಲಿ ಎಲ್ಲೈತವ್ವಾ? ಹಿಂದಿನ ಸೀಟಿನ್ಯಾಗ ಕುಂತಾಕಿ ಏನು ದೆವ್ವ ಏನು?" ಎಂದು ರೇಗಿದೆ. ದುಡ್ಡು ಕೊಡುವ ಹೊತ್ತಿಗೆ ಟ್ರಿಪ್ಪನ್ನೇ ಅಳಿಸಿದ್ದಾರೆಂದು ನನಗೆ ಖಾತ್ರಿಯಾಗಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದ ಇವರನ್ನು ಕೇಳಿದರೆ, "ಅವರ ಕೂಡ ಯಾಕ ಜಗಳ, ಬಿಡಾ," ಎಂದು ಕಣ್ಣು ಮುಚ್ಚಿದರು.

ಮರುದಿನ ಕಾರಿನ ವಿಮೆಯ ಸರ್ವೇಯರ್ ಗ್ಯಾರೇಜಿನಲ್ಲಿ ಕಾರು ನೋಡಿಕೊಂಡು ಆಸ್ಪತ್ರೆಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ, ಟ್ರಿಪ್ ಇತ್ತು ಎಂದು ಕೂಗಾಡಿದೆ.

"ಬುಕಿಂಗ್ ಇತ್ತೋ ಇಲ್ಲೋ ನಮಗ ಸಂಬಂಧ ಇಲ್ರೀ ಅಮ್ಮಾ. ಇದು ಟ್ಯಾಕ್ಸಿ ಪಾಲಿಸಿ. ಪರ್ಮಿಟ್, ಎಫ್‌ಸಿ, ಲೈಸೆನ್ಸ್ ಎಲ್ಲಾ ಸರಿ ಅದಾವ. ಗಾಡಿ ಖಾಲಿ ನಿಂತಿದ್ರೂ ಕ್ಲೈಮ್ ಬರತೈತಿ."

"ಮತ್ತ ಇವರ ಕಾಲಿಗೆ?"

"ಮಾಲೀಕನ ಹೆಸರಿಗೆ ಇದರಾಗ ಇರೋದು ಸಾವಿಗೆ, ಇಲ್ಲಾ ಕಾಯಂ ಊನಕ್ಕ ಅಷ್ಟ. ಕೂಡಿಕೊಳ್ಳೋ ಮೂಳಿಗೆ ಬರಂಗಿಲ್ರೀ."

ಒಬ್ಬರು ಟ್ರಿಪ್ ಬೇಕೆನ್ನುತ್ತಾರೆ, ಇನ್ನೊಬ್ಬರು ಬೇಡವೆನ್ನುತ್ತಾರೆ. ಎರಡೂ ಬೇರೆ ಬೇರೆ ವಿಮೆ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಆ್ಯಪಿನವರೇ ಸುಳ್ಳರು ಎಂದು ಇಡೀ ವಾರ್ಡಿಗೆ ಕೇಳುವಂತೆ ಬೈದೆ.

ಆ ವಾರವೇ ಟೀಚರಮ್ಮ ಮೋಸಂಬಿ ಹಿಡಿದು ನೋಡಲು ಬಂದರು. ಸಿರುಗುಪ್ಪದ ಕಡೆಯವರು, ಬಿಚ್ಚು ಮಾತಿನವರು. ಸಾಕ್ಷಿ ಸಿಕ್ಕಿತೆಂದು ಹಿಗ್ಗಿ, ಫೋನಿನಲ್ಲಿ ಟ್ರಿಪ್ ತೋರಿಸಿರೆಂದೆ.

"ಎಲ್ಲಿ ಇರತೈತ್ರೀ? ಕಾರು ಹತ್ತಿದ ಕೂಡಲೇ ನಿಮ್ಮ ಯಜಮಾನ್ರು ಕ್ಯಾನ್ಸಲ್ ಮಾಡಿಸಿದ್ರಲ್ಲ. ಆ್ಯಪಿನವರ ಕಮಿಷನ್ ಉಳಿತೈತಿ, ರೊಕ್ಕ ಕೈಯಾಗ ಕೊಡ್ರಿ ಅಂದ್ರು. ಎಲ್ಲಾ ಡ್ರೈವರ್ರೂ ಹಂಗಾ ಅಂತಾರ."

ಎಲ್ಲರ ಮೇಲೂ ಅನುಮಾನಪಟ್ಟಿದ್ದೆ, ಮಂಚದ ಮೇಲಿದ್ದವರೊಬ್ಬರನ್ನು ಬಿಟ್ಟು. ಇವರ ಕಡೆ ತಿರುಗಿದೆ. ಇವರು ಗೋಡೆಯ ಕಡೆ ಹೊರಳಲು ನೋಡಿದರು, ಕಾಲು ಬಿಡಲಿಲ್ಲ.

ಕ್ಲೈಮ್ ಪಾಸಾಗಿ ಕಾರು ಗ್ಯಾರೇಜಿನಿಂದ ಹೊಸದರಂತೆ ಬಂತು. ಆಸ್ಪತ್ರೆಯ ಸಾಲ ತೀರಿಸಲು ಅದನ್ನೇ ಮಾರಿದೆವು. ಕೊಳ್ಳಲು ಬಂದವನು ಸುತ್ತ ತಿರುಗಿ ನೋಡಿ, "ಗುದ್ದಿದ ಗುರುತಾ ಇಲ್ಲ," ಎಂದ. ಇವರು ಕೋಲು ಊರಿಕೊಂಡು ಕುಂಟುತ್ತ ಹೋಗಿ ಅವನ ಕೈಗೆ ಕೀ ಕೊಟ್ಟರು.