ಕಿಟಕಿಯ ಬಾಚಣಿಗೆ

ನಮ್ಮ ಮನೆಗೆಲಸದ ಅಕ್ಕನಿಗೆ ನನ್ನ ಅತ್ತೆ ಇಟ್ಟ ಹೆಸರು ಬಿರುಗಾಳಿ. ಬೆಳಿಗ್ಗೆ ಎಂಟಕ್ಕೆ ಒಳಗೆ ಬಂದರೆ ಒಂಬತ್ತೂವರೆಯೊಳಗೆ ಪಾತ್ರೆ, ಕಸ, ನೆಲ ಎಲ್ಲ ಮುಗಿದಿರುತ್ತದೆ. ಬಾಯಿಗೆ ಮಾತ್ರ ಬಿಡುವಿಲ್ಲ. ಹೊರಡುವ ಮುನ್ನ ತಲೆ ಬಾಚಿಕೊಳ್ಳಲೇಬೇಕು; ಅದಕ್ಕೆಂದೇ ಒಂದು ಬಾಚಣಿಗೆಯನ್ನು ನಮ್ಮ ಅಡುಗೆಮನೆ ಕಿಟಕಿಯ ಸರಳಿಗೆ ಸಿಕ್ಕಿಸಿಟ್ಟಿದ್ದಾರೆ. ಎಲ್ಲಾದರೂ ಕೆಲಸ ಬಿಡಿಸುವ ಸುಳಿವು ಸಿಕ್ಕಿದರೆ ಮೊದಲು ಬಾಚಣಿಗೆ ಎತ್ತಿಕೊಳ್ಳುತ್ತಾರಂತೆ. ಅದನ್ನು ಮನೆಯವರೇ ಕೈಗೆ ಕೊಟ್ಟು ಕಳಿಸುವಂತಾಗಬಾರದು ನೋಡಿ!

ಅತ್ತೆಗೆ ಮಂಡಿ ಆಪರೇಷನ್ ಆಯಿತು. ನಡಿಗೆ ಅಭ್ಯಾಸ ಮಾಡಿಸುವ ಹುಡುಗಿಗೆ ಪುರುಸೊತ್ತಿರುವುದು ಬೆಳಿಗ್ಗೆ ಎಂಟೂವರೆಗೇ. ನಮ್ಮ ನೆಲ ಒದ್ದೆಯಾಗಿರುವುದೂ ಆಗಲೇ. ಅಕ್ಕನ ಸಮಯ ಬದಲಾಯಿಸದೆ ವಿಧಿಯಿರಲಿಲ್ಲ. ಆಗುವುದಿಲ್ಲ ಎಂದು ಅವರು ಬಿಟ್ಟೇ ಹೋದರೆ? ಅವರೆಂದರೆ ನನಗೆ ಪ್ರಾಣ. ಕೆಲಸಕ್ಕೆ ಬೇರೆಯವರು ಸಿಕ್ಕಾರು, ಆ ಬಾಯಿ ಎಲ್ಲಿ ಸಿಗಬೇಕು?

ನಯವಾಗಿ ಹೇಳಲು ಹೋಗಿ ಎಡವಟ್ಟು ಮಾಡಿದೆ. ಬಂದವರಿಗೆ ಕುರ್ಚಿ ಎಳೆದು ಹಾಕಿದೆ. ಟೀ ಕೊಟ್ಟೆ.

"ಅಕ್ಕಾ, ಇಷ್ಟು ವರ್ಷ ಮನೇನ ತುಂಬಾ ಚೆನ್ನಾಗಿ ನೋಡ್ಕೊಂಡ್ರಿ," ಎಂದೆ. "ನಿಮ್ಮ ಟೈಮ್ ಬಗ್ಗೆ ಒಂದು ಮಾತಿತ್ತು... ಮೊದಲು ಟೀ ಕುಡೀರಿ."

ಅವರು ಟೀ ಮುಟ್ಟಲಿಲ್ಲ. ಎದ್ದು ಹೋಗಿ ಪಾತ್ರೆ ತಿಕ್ಕತೊಡಗಿದರು. ಹಿಂದೆಯೇ ಹೋದೆ. ಕಿಟಕಿಯಲ್ಲಿ ಬಾಚಣಿಗೆ ಇರಲಿಲ್ಲ.

ಒಳಕೋಣೆಯಿಂದ ಅತ್ತೆ ಕೂಗಿದರು: "ಅದೇನು ಸುತ್ತಿ ಬಳಸಿ ಹೇಳ್ತೀಯೇ! ನೆಟ್ಟಗೆ ಹೇಳು."

"ಅಕ್ಕಾ, ನಿಮ್ಮನ್ನ ಕೆಲಸದಿಂದ ಬಿಡಿಸ್ತಿಲ್ಲ," ಎಂದೆ. "ಸೋಮವಾರದಿಂದ ಎಂಟರ ಬದಲು ಹತ್ತಕ್ಕೆ ಬರೋಕಾಗುತ್ತಾ? ಹನ್ನೊಂದೂವರೆಗೆ ಮುಗಿಯುತ್ತೆ. ಎರಡು ತಿಂಗಳು ಅಷ್ಟೇ. ಕೆಲಸ, ಸಂಬಳ ಎಲ್ಲಾ ಹಾಗೇ ಇರುತ್ತೆ. ಎಂಟೂವರೆಗೆ ಅತ್ತೇನ ನಡೆಸೋಕೆ ಬರ್ತಾರೆ, ಒದ್ದೆ ನೆಲದಲ್ಲಿ ಜಾರಿದ್ರೆ ಕಷ್ಟ. ನಿಮಗೆ ಆಗಲ್ಲ ಅಂದ್ರೆ ಹೇಳಿ, ಬೇರೆ ಏನಾದ್ರೂ ಮಾಡೋಣ."

ಅಕ್ಕ ನಲ್ಲಿ ನಿಲ್ಲಿಸಿದರು.

"ಇಷ್ಟೇನಾ? ಇದಕ್ಕೆ ಕುರ್ಚಿ ಯಾಕಮ್ಮಾ ಹಾಕಿದ್ರಿ? ಹಿಂದಿನ ಮನೇಲೂ ಹೀಗೇ, ಕೂರಿಸಿ ಹೊಗಳಿ ಕಳಿಸಿಬಿಟ್ರು. ನಂಗೆ ಜೀವ ಬಾಯಿಗೆ ಬಂದಿತ್ತು."

"ತಪ್ಪಾಯ್ತು ಅಕ್ಕಾ. ಹತ್ತಕ್ಕೆ ಆಗುತ್ತಾ?"

"ಹತ್ತಕ್ಕೆ ಟೈಲರಮ್ಮನ ಮನೆ ಇದೆ. ಅಂಗಡಿ ತೆಗೆಯೋದ್ರೊಳಗೆ ಬಂದುಬಿಡು ಅಂತ ಅವರೂ ಗೋಗರೀತಿದ್ರು. ಅವರನ್ನ ಎಂಟಕ್ಕೆ ಹಾಕ್ಕೋತೀನಿ. ಒಂದು ಮಾತು ಕೇಳಿ ಸಂಜೆ ಫೋನ್ ಮಾಡ್ತೀನಿ."

"ಬಿರುಗಾಳಿ, ನನ್ನ ಹತ್ರ ಜಗಳಕ್ಕೂ ಹತ್ತು ಗಂಟೆಗೇ ಬಾ!" ಎಂದರು ಅತ್ತೆ.

"ನೀವು ಮೊದಲು ನಡೆಯೋದು ಕಲೀರಿ ದೊಡ್ಡಮ್ಮ!"

ನನಗೆ ಅಳು, ನಗು ಎರಡೂ ಬಂತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಾಚಣಿಗೆಯನ್ನು ತೆಗೆದು ಕಿಟಕಿಯ ಸರಳಿಗೆ ಸಿಕ್ಕಿಸಿದರು. ಆಮೇಲೆ ಕುರ್ಚಿಯಲ್ಲಿ ಆರಾಮಾಗಿ ಕೂತರು.

"ಟೀ ಆರಿಹೋಯ್ತು. ಬಿಸಿ ಮಾಡಿ ಕೊಡಿ."