ಅಳಿಸಿಹೋದ ನಂಬರು

ರಾಜೀವ ಹುಯಿಲಗೋಳರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಶುರು ಮಾಡಬೇಕೆಂದರೆ, ಅವರ ಅಂಗಿಯ ಇಸ್ತ್ರಿ ಚೆನ್ನಾಗಿರುತ್ತದೆ. ಎರಡನೆಯ ಮಾತು ಹುಡುಕುತ್ತ ನಾನು ಹನ್ನೊಂದು ವರ್ಷ ಕಳೆದಿದ್ದೇನೆ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ ಪುಣೆಗೆ ಬಂದವರು, ಹಡಪಸರದ ನಮ್ಮ ಆಹಾರ ಪರೀಕ್ಷಾ ಲ್ಯಾಬಿಗೆ ಮ್ಯಾನೇಜರ್ ಆದರು. ದೊಡ್ಡ ಗಿರಾಕಿಗಳ ಜೊತೆ ಮರಾಠಿ, ಆಡಿಟರ್ ಬಂದರೆ ಇಂಗ್ಲಿಷ್. ಕನ್ನಡ ಅವರ ಬಾಯಲ್ಲಿ ಬರುವುದು ನನ್ನಂಥವರನ್ನು ಬೈಯುವಾಗ ಮಾತ್ರ. ನಾನು ಶಿವಕಾಂತಾ, ಬೈಲಹೊಂಗಲದವಳು, ಇದೇ ಲ್ಯಾಬಿನಲ್ಲಿ ಹಿಟ್ಟು ಒಣಗಿಸುವುದು, ಹಿಟ್ಟು ಸುಡುವುದು ನನ್ನ ಕೆಲಸ.

ಸುಡುವುದೆಂದರೆ ತಮಾಷೆಯಲ್ಲ. ಕ್ರೂಸಿಬಲ್ ಎಂಬ ಪಿಂಗಾಣಿಯ ಪುಟ್ಟ ಬಟ್ಟಲನ್ನು ಮೊದಲು ಖಾಲಿಯಾಗಿ ಕಾಯಿಸಿ, ತೇವ ತಾಗದಂತೆ ಡೆಸಿಕೇಟರ್ ಎಂಬ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ತಣಿಸಿ ತೂಗಬೇಕು. ಬೆರಳು ತಾಗಿಸುವಂತಿಲ್ಲ, ಕೈಯ ಜಿಡ್ಡೂ ತೂಗುತ್ತದೆ. ಐದು ಗ್ರಾಂ ಹಿಟ್ಟು ಹಾಕಿ, ಹೊಗೆ ನಿಲ್ಲುವ ತನಕ ಸಣ್ಣ ಉರಿಯಲ್ಲಿ ಕರಕಲಾಗಿಸಿ, ಆಮೇಲೆ ಐನೂರೈವತ್ತು ಡಿಗ್ರಿಯ ಕುಲುಮೆಗೆ ಇಡಬೇಕು. ಕಪ್ಪು ಹೋಗಿ ಬೂದಿ ಬೆಳ್ಳಗಾದ ಮೇಲೆ ಮತ್ತೆ ತಣಿಸಿ ತೂಗಬೇಕು. ಒಳ್ಳೆಯ ಗೋಧಿ ಹಿಟ್ಟಿನಲ್ಲಿ ಉಳಿಯುವುದು ಚಿಟಿಕೆ ಬೂದಿ. ಮಣ್ಣು, ಮರಳು ಸೇರಿದ್ದರೆ ಅದೂ ಅಲ್ಲೇ ಉಳಿದು ಲೆಕ್ಕ ಏರುತ್ತದೆ.

ಇಷ್ಟು ಬಿಸಿಯಲ್ಲಿ ಹೆಸರು, ನಂಬರು ಯಾವುದೂ ನಿಲ್ಲುವುದಿಲ್ಲ. ಅದಕ್ಕೇ ನಾನು ಫೆರಿಕ್ ಕ್ಲೋರೈಡಿನ ನೀರಿನಲ್ಲಿ ಕಡ್ಡಿ ಅದ್ದಿ ಕ್ರೂಸಿಬಲ್ಲಿನ ಹೊರಮೈಗೆ ನಂಬರು ಬರೆದು, ಒಮ್ಮೆ ಸುಟ್ಟು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅದು ತುಕ್ಕಿನ ಬಣ್ಣಕ್ಕೆ ತಿರುಗಿ ಅಲ್ಲೇ ಕೂರುತ್ತದೆ. ರಾಜೀವರಿಗೆ ಅದು ಗಲೀಜು.

"ಶಿವಕಾಂತಾಬಾಯಿ, ಆಡಿಟರ್ ಬರೋರಿದ್ದಾರ. ಇವೇನ್ ಬಟ್ಟಲಾನೋ, ತುಕ್ಕ ಹಿಡದ ತಗಡೋ? ಎಲ್ಲಾ ತೆಗದು ಒಗೀರಿ."

ಹೊಸ ಕ್ರೂಸಿಬಲ್ಲುಗಳು ಬಂದವು, ಜೊತೆಗೆ ಒಂದು ಡಜನ್ ಮಾರ್ಕರ್ ಪೆನ್ನು. "ಸರ್, ಮಾರ್ಕರ್ ಸುಟ್ಟ ಹೋಗತದರಿ" ಎಂದೆ. "ಪರ್ಮನೆಂಟ್ ಅಂತ ಬರದಾರಲ್ಲ, ಓದಾಕ ಬರೂದಿಲ್ಲೇನು?" ಎಂದರು. ಹೊರಗೆ ಥಳಕು, ಒಳಗೆ ಹುಳಕು ಎಂದರೆ ಇದೇ.

ಅದೇ ವಾರ ಜ್ವರ ಬಂದು ನಾನು ಎರಡು ದಿನ ಮಲಗಿದೆ. ರಾಜೀವರು ತೋಳು ಮಡಚಿ ಕೆಲಸಕ್ಕೆ ಇಳಿದರಂತೆ. ಮೂರನೆಯ ದಿನ ನಾನು ಬಂದಾಗ ಕಚೇರಿಯಲ್ಲಿ ಒಬ್ಬ ಹೆಂಗಸು ಅವರ ಮೇಜಿನ ಮುಂದೆ ನಿಂತಿದ್ದಳು. ಶಿವಗಂಗವ್ವ. ನಮ್ಮ ಕಡೆಯವಳೇ, ಪಿಂಪ್ರಿಯಲ್ಲಿ ಒಂದೇ ಚಕ್ಕಿಯ ಗಿರಣಿ ನಡೆಸುತ್ತಾಳೆ. ಕಾರ್ಖಾನೆ ಹುಡುಗಿಯರ ಹಾಸ್ಟೆಲ್ಲಿಗೆ ಹಿಟ್ಟು ಕೊಡುವ ಕೆಲಸ ಈಗಷ್ಟೇ ಸಿಕ್ಕಿತ್ತು. ರಿಪೋರ್ಟ್ ಪಾಸಾದರೆ ಮಾತ್ರ ಅದು ಉಳಿಯುವುದು. ಕೈಯಲ್ಲಿದ್ದ ರಿಪೋರ್ಟಿನಲ್ಲಿ ಒಟ್ಟು ಬೂದಿ ಶೇಕಡಾ ೨.೩೧ ಎಂದಿತ್ತು. ಮಿತಿ ಎರಡು.

"ಸಾಹೇಬ್ರ, ಗೋಧಿ ನಾನs ಹಸನ ಮಾಡ್ತೀನ್ರಿ. ಒಂದು ಹರಳ ಸಿಗೂದಿಲ್ಲರಿ ಅದರಾಗ. ಇನ್ನೊಮ್ಮೆ ನೋಡ್ರಿ."

"ಮಷೀನ್ ಸುಳ್ಳ ಹೇಳತದೇನು? ನಿಮ್ಮ ಗಿರಣ್ಯಾಗ ಉಸುಕು ಬಿದ್ದರ ನಾವೇನ್ ಮಾಡೂಣು? ರಿಪೀಟ್ ಗಿಪೀಟ್ ಇಲ್ಲ. ಒಮ್ಮೆ ಬಂದದ್ದು ಬಂತು."

ನನಗೆ ಮೈ ಉರಿಯಿತು. ಸೀದಾ ಒಳಗೆ ಹೋಗಿ ಕುಲುಮೆಯ ಪುಸ್ತಕ ತೆಗೆದೆ. ರಾಜೀವರು ಕೈಹಾಕಿದ ದಿನ ಸುಟ್ಟದ್ದು ಎರಡು ಹಿಟ್ಟು, ತಲಾ ಎರಡರಂತೆ ನಾಲ್ಕು ಕ್ರೂಸಿಬಲ್. ಒಂದು ಶಿವಗಂಗವ್ವನದು, ಇನ್ನೊಂದು ನಮ್ಮ ಅತಿ ದೊಡ್ಡ ಗಿರಾಕಿಯದು. ತೊಳೆಯಲು ಇಟ್ಟಿದ್ದ ನಾಲ್ಕೂ ಹೊಸ ಬಟ್ಟಲುಗಳ ಮೇಲೆ ಒಂದೇ ಒಂದು ಅಕ್ಷರವಿರಲಿಲ್ಲ. ಪರ್ಮನೆಂಟ್ ಶಾಯಿ ಪರ್ಮನೆಂಟಾಗಿ ಹೋಗಿತ್ತು.

ಹಾಗಾದರೆ ಯಾವ ಬೂದಿ ಯಾರದೆಂದು ಇವರಿಗೆ ಹೇಗೆ ಗೊತ್ತಾಯಿತು? ತಕ್ಕಡಿಯ ಯಂತ್ರ ಉಗುಳಿದ ಚೀಟಿ ಪುಸ್ತಕದಲ್ಲೇ ಅಂಟಿತ್ತು, ಅದು ಎಲ್ಲವನ್ನೂ ಹೇಳಿತು. ನಂಬರು ಮಾಯವಾದದ್ದು ನೋಡಿ ಗಾಬರಿಯಾದ ಮಹಾಶಯರು ಬೂದಿ ಸಮೇತ ಬಟ್ಟಲು ತೂಗಿ, ಬೂದಿ ಕೊಡವಿ, ಖಾಲಿ ಬಟ್ಟಲನ್ನು ಮತ್ತೊಮ್ಮೆ ತೂಗಿದ್ದರು. ನಾಲ್ಕು ಬೂದಿಯ ತೂಕ ಸಿಕ್ಕಿತು. ಎರಡರಲ್ಲಿ ಹೆಚ್ಚು, ಎರಡರಲ್ಲಿ ಕಡಿಮೆ. ಹೆಚ್ಚಿನದು ಯಾರದು? ಒಂದೇ ಚಕ್ಕಿಯ ಹೆಂಗಸಿನದೇ ಇರಬೇಕು, ದೊಡ್ಡ ಕಂಪನಿಯದು ಹೇಗಿದ್ದೀತು! ಹೀಗೆ ತೀರ್ಮಾನ ಕೊಟ್ಟುಬಿಟ್ಟಿದ್ದರು. ಎಂ.ಎಸ್ಸಿ. ಓದಿದ ತಲೆ!

ಒಂದು ಪುಟ ಹಿಂದಕ್ಕೆ ತಿರುವಿದ್ದರೆ ಸಾಕಿತ್ತು. ಹಿಟ್ಟು ಹಾಕುವ ಮುಂಚಿನ ಖಾಲಿ ತೂಕಗಳು ಅವರದೇ ಅಕ್ಷರದಲ್ಲಿ, ಹಿಟ್ಟಿನ ಹೆಸರಿನ ಸಮೇತ ಅಲ್ಲಿದ್ದವು. ಒಂದು ಕ್ರೂಸಿಬಲ್ಲಿನ ತೂಕ ಇನ್ನೊಂದಕ್ಕೆ ಬರುವುದಿಲ್ಲ. ನಂಬರು ಅಳಿಸಿದರೂ ತೂಕ ಅಳಿಸುವುದಿಲ್ಲ. ಶಿವಗಂಗವ್ವನ ಮೊದಲ ಬಟ್ಟಲು ಖಾಲಿಯಿದ್ದಾಗ ೨೪.೩೧೮೬ ಗ್ರಾಂ. ಚೀಟಿಯಲ್ಲಿ ಅದರ ಹತ್ತಿರಕ್ಕೆ ಬಂದದ್ದು ಒಂದೇ ಒಂದು, ೨೪.೩೧೮೧, ಅರ್ಧ ಮಿಲಿಗ್ರಾಮಿನಷ್ಟೇ ಅಂತರ; ಅದರೊಳಗಿನ ಬೂದಿ ೦.೦೬೮೩. ಉಳಿದ ಮೂರೂ ಹಾಗೆಯೇ ತಮ್ಮ ತಮ್ಮ ಮನೆ ಸೇರಿದವು.

ಹಿಟ್ಟು ೫.೦೧೨೪ ಗ್ರಾಂ, ಬೂದಿ ಶೇಕಡಾ ೧.೩೬. ಆದರೆ ಮಿತಿ ಹೇಳುವುದು ಒಣ ಹಿಟ್ಟಿನ ಲೆಕ್ಕಕ್ಕೆ, ನೀರಿನ ಪಾಲು ಕಳೆಯಬೇಕು. ತೇವಾಂಶದ ಅಲ್ಯೂಮಿನಿಯಂ ತಟ್ಟೆಗಳಿಗೆ ನಂಬರು ಕೊರೆದಿರುತ್ತಾರೆ, ಅದನ್ನು ಅಳಿಸುವ ಭಾಗ್ಯ ರಾಜೀವರಿಗೆ ಸಿಕ್ಕಿರಲಿಲ್ಲ. ನೂರಮೂವತ್ತು ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ, ಆಮೇಲೆ ತೂಕ ಇಳಿಯುವುದು ನಿಲ್ಲುವ ತನಕ ಮತ್ತೆ ಒಣಗಿಸಿದ ಆ ಹಿಟ್ಟಿನಲ್ಲಿ ನೀರು ಶೇಕಡಾ ೯.೮೦. ಉಳಿದದ್ದು ೯೦.೨೦. ೧.೩೬ನ್ನು ನೂರರಿಂದ ಗುಣಿಸಿ ೯೦.೨೦ರಿಂದ ಭಾಗಿಸಿದರೆ ೧.೫೧. ಪಾಸು. ದೊಡ್ಡ ಗಿರಾಕಿಯ ಹಿಟ್ಟು, ಅದರದೇ ತೂಕ, ಅದರದೇ ನೀರಿನ ಲೆಕ್ಕದಲ್ಲಿ, ೨.೩೩. ನಾಪಾಸು.

ಪುಸ್ತಕವನ್ನು ತಂದು ರಾಜೀವರ ಮೇಜಿನ ಮೇಲೆ ತೆರೆದಿಟ್ಟೆ. ಬೆರಳಿಟ್ಟು ನಾಲ್ಕು ಜೋಡಿಯನ್ನೂ ತೋರಿಸಿದೆ. ಮುಖ ಕಪ್ಪಿಟ್ಟಿತು. "ಕೂತ್ಗೋರಿ ಬಾಯಿ" ಎಂದು ಶಿವಗಂಗವ್ವನಿಗೆ ಕುರ್ಚಿ ತೋರಿಸಿದರು. ಅಷ್ಟು ಹೊತ್ತು ಅವಳು ನಿಂತೇ ಇದ್ದಳು. ಹೊಸ ರಿಪೋರ್ಟ್ ಹೊಡೆಸಿ, ಸಹಿ ಮಾಡಿ, ಅವಳ ಮುಖ ನೋಡದೆ ಮುಂದೆ ತಳ್ಳಿದರು. ಕ್ಷಮಿಸಿ ಎಂಬ ಮಾತಿಲ್ಲ. ಅವಳ ಮುಂದೆಯೇ ಫೋನೆತ್ತಿ ದೊಡ್ಡ ಗಿರಾಕಿಗೆ ಮರಾಠಿಯಲ್ಲಿ ಜೇನು ಸುರಿಸತೊಡಗಿದರು. "ಕಾಳಜಿ ಕರೂ ನಕಾ ಸಾಹೇಬ್, ಆಮ್ಹೀ ರಿಪೀಟ್ ಕರತೋ." ಚಿಂತೆ ಬೇಡ, ಇನ್ನೊಮ್ಮೆ ಮಾಡುತ್ತೇವೆ ಎಂದು.

ಪಿಂಪ್ರಿಯಲ್ಲಿ ಇಪ್ಪತ್ತು ವರ್ಷ ಹಿಟ್ಟು ಮಾರಿದವಳಿಗೆ ಮರಾಠಿ ಬರುವುದಿಲ್ಲವೆಂದು ಅವರು ಹೇಗೆ ತಿಳಿದರೋ! ಅವರು ಫೋನಿಡುವ ತನಕ ಶಿವಗಂಗವ್ವ ಕಾದಳು.

"ಸಾಹೇಬ್ರ, ಅವರ ಹಿಟ್ಟು ಎರಡನೇ ಸಲ ಸುಡಾಕ ಬರತದಂತಲ್ಲರಿ. ನಂದ್ಯಾಕ ಬರಲಿಲ್ಲ?"

"ನಿಮ್ಮದು ಪಾಸಾತಲ್ಲ ಬಾಯಿ, ಮತ್ತೇನ ಬೇಕು?"

"ನನ್ನ ಹಿಟ್ಟು ಮೊದಲs ಪಾಸಿತ್ತರಿ" ಎಂದಳು, ರಿಪೋರ್ಟನ್ನು ನಾಲ್ಕು ಮಡಿಕೆ ಮಾಡುತ್ತ. "ಇವತ್ತ ಸುಟ್ಟು ನೋಡಿದ್ದು ನಿಮ್ಮನ್ನರಿ. ಬೂದಿನೂ ಉಳೀಲಿಲ್ಲ."

ರಾಜೀವರು ನನ್ನ ಕಡೆ ನೋಡಿದರು, ನಾನು ಏನಾದರೂ ಹೇಳಿ ಮಾನ ಉಳಿಸಲಿ ಎಂಬಂತೆ. ನಾನು ಶಿವಗಂಗವ್ವನಿಗೆ ಬಾಗಿಲು ತೆರೆಯಲು ಹೋದೆ.