ಮೊದಲ ಪಾಲಕರ ಸಭೆಯ ಐದನೇ ವಿಷಯ

ಖಡಕಿಯ ಸಣ್ಣ ಕನ್ನಡ ಶಾಲೆಯಲ್ಲಿ ಸಿದ್ದಲಿಂಗಪ್ಪ ಮಾಸ್ತರರು ಒಂದನೇ ಇಯತ್ತೆಗೆ ಕಲಿಸತೊಡಗಿ ಹದಿನೈದು ವರ್ಷವಾಯಿತು. ಅವರ ಪೆಟ್ಟಿಗೆಯಲ್ಲಿ 1931ರ ಜೂನಿನ ಒಂದು ಹಾಳೆ ಇದೆ. ಅದು ಅವರು ನಡೆಸಿದ ಮೊದಲ ಪಾಲಕರ ಸಭೆಯ ವಿಷಯಪಟ್ಟಿ.

ಒಂದು, ಪರಿಚಯ: ಪ್ರತಿಯೊಬ್ಬರೂ ಎದ್ದು ಮಗುವಿನ ಹೆಸರು, ತಂದೆಯ ಹೆಸರು ಹೇಳುವುದು. ಎರಡು, ಶಾಲೆಯ ವೇಳೆ ಮತ್ತು ಹಾಜರಿ. ಮೂರು, ಪಾಟಿ, ಬಳಪ, ಸ್ವಚ್ಛತೆ. ನಾಲ್ಕು, ಈ ವರ್ಷದ ಪಾಠ. ಮನೆಯಲ್ಲಿ ದಿನಕ್ಕೆ ಕಾಲು ತಾಸು ಓದಿಸುವುದು. ಐದು, ಪಾಲಕರ ಮಾತು.

ಸಭೆ ಶನಿವಾರ ನಾಲ್ಕಕ್ಕೆ. ಗಂಡಸರು ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದರು. ಬಂದವರೆಲ್ಲ ತಾಯಂದಿರು.

ಮೊದಲ ವಿಷಯಕ್ಕೇ ಎಲ್ಲರೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

"ಮದಿವ್ಯಾಗ ಒಡಪು ಹಾಕಿ ಗಂಡನ ಹೆಸರು ಹೇಳೀವ್ರಿ ಮಾಸ್ತರ್ರ," ಎಂದಳು ಪಾರವ್ವ. "ಈಗ ಸಾಲ್ಯಾಗೂ ಹಾಕಬೇಕೇನ್ರಿ?"

ಕೊನೆಗೆ ಒಬ್ಬೊಬ್ಬಳ ಗಂಡನ ಹೆಸರನ್ನು ಅವಳ ಪಕ್ಕದವಳು ಹೇಳುತ್ತ ಹೋದಳು. ಗೋಡೆಯ ಬಳಿ ಒಬ್ಬಳೇ ಕುಳಿತಿದ್ದ ರುದ್ರವ್ವನಿಗೆ ಅಲ್ಲಿ ಗುರುತಿನವರು ಯಾರೂ ಇರಲಿಲ್ಲ.

"ಮಗಳ ಹೆಸರರೆ ಹೇಳ್ರೆವಾ," ಎಂದರು ಮಾಸ್ತರರು.

"ತಂಗಿ ಅಂತೀವ್ರಿ."

"ಪಟ್ಟಿಯೊಳಗ ತಂಗಿ ಅನ್ನೋರು ಯಾರೂ ಇಲ್ಲಲ್ರಿ!"

ಮತ್ತೆ ನಗೆ. ರುದ್ರವ್ವ ತಲೆ ತಗ್ಗಿಸಿದಳು. ಮಾಸ್ತರರು ಮುಂದಿನವರತ್ತ ತಿರುಗಿದರು. ಪರಿಚಯಕ್ಕೇ ಮುಕ್ಕಾಲು ತಾಸು ಹೋಯಿತು. ಮುಂದಿನ ಮೂರು ವಿಷಯಗಳನ್ನು ಅವಸರದಲ್ಲಿ ಓದಿದರು. ಐದನೆಯದಕ್ಕೆ ಬರುವಷ್ಟರಲ್ಲಿ ಕಾರ್ಖಾನೆಯ ಐದು ಗಂಟೆಯ ಭೋಂಗಾ ಕೂಗಿತು. ಗಂಡಸರು ಮನೆಗೆ ಬರುವ ಹೊತ್ತೆಂದು ಎಲ್ಲರೂ ಎದ್ದರು. ರುದ್ರವ್ವ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಮಾಸ್ತರರು ಹಾಜರಿ ಬರೆಯುತ್ತಿದ್ದರು. ಶಿವಬಸವ್ವ ಎಂಬ ಹುಡುಗಿಯ ಮುಂದೆ 'ಪಾಲಕರು ಬಂದಿಲ್ಲ' ಎಂದು ಬರೆದರು.

ಎತ್ತರದ ಮಕ್ಕಳನ್ನು ಹಿಂದೆ ಕೂಡಿಸುವುದು ವಾಡಿಕೆ. ಶಿವಬಸವ್ವ ಹಿಂದೆ ಕೂತಳು. ಕರೆದರೆ ಓಗೊಡುತ್ತಿರಲಿಲ್ಲ. ಲಕ್ಷ್ಯವಿಲ್ಲವೆಂದು ಮಾಸ್ತರರು ದಿನವೂ ಎಬ್ಬಿಸಿ ನಿಲ್ಲಿಸಿದರು. ದೀಪಾವಳಿ ಸೂಟಿಯ ನಂತರ ಅವಳು ಬರಲಿಲ್ಲ.

ಮಾಸ್ತರರು ವಿಳಾಸ ಹುಡುಕಿ ಹೋದರು. ಅವಳ ತಾಯಿ ರುದ್ರವ್ವ ಒಳಗಿನಿಂದಲೇ ಮಾತಾಡಿದಳು.

"ಕಿವಿ ಸೋರತಾವ್ರಿ, ಸರಿಯಾಗಿ ಕೇಳಂಗಿಲ್ಲ. ಮುಂದ ಕೂಡಸ್ರಿ ಅಂತ ಹೇಳಾಕ ಅವತ್ತ ಸಭಾಕ ಬಂದಿದ್ನಿ."

"ಹೆಸರು ಯಾಕ ಹೇಳಲಿಲ್ಲವಾ?"

"ನಮ್ಮ ಅತ್ತೀ ಹೆಸರ್ರಿ ಅದು. ನಾ ಹೆಂಗ ಹೇಳಲಿ?"

ಇನ್ನು ಕಳಿಸುವುದಿಲ್ಲ ಎಂದಳು. ಹುಡುಗಿ ಶಾಲೆಯೆಂದರೆ ಅಳುತ್ತಿದ್ದಳು. ಮಾಸ್ತರರು ಎರಡು ಸಲ ಮತ್ತೆ ಹೋದರು; ಬಾಗಿಲು ತೆರೆಯಲಿಲ್ಲ.

"ನಮ್ಮವ್ವನೂ ಒಂದಿನ ನಮ್ಮಪ್ಪನ ಹೆಸರು ಹೇಳಿದಾಕಿ ಅಲ್ಲ," ಎನ್ನುತ್ತಾರೆ ಅವರು. "ನನಗ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ."

ಮರುವರ್ಷದಿಂದ ಅವರ ಸಭೆಯಲ್ಲಿ ಪಾಲಕರ ಮಾತೇ ಮೊದಲು. ಯಾವ ಮಗು ಎಂದು ಅವರು ಬಾಯಿಬಿಟ್ಟು ಕೇಳುವುದಿಲ್ಲ. ಮಕ್ಕಳನ್ನೂ ಕರೆಸುತ್ತಾರೆ, ತಾಯಿ ತನ್ನ ಮಗುವಿನ ಪಕ್ಕದಲ್ಲಿ ಕೂಡುತ್ತಾಳೆ.